ಟ್ರಿಪ್ಟೊಫ್ಯಾನ್ ಕೊಟ್ಟರೂ ಕೊಡದಿದ್ದರೂ ಜಿಎಫ್‌ಪಿ ಒಂದೇ ಸಮ: ಲೀಡರ್ ಕೆಲಸ ಮಾಡುತ್ತಿಲ್ಲ, ಸಹಾಯ ಬೇಕು

ಪೆಟ್ರಿಪುಟ್ಟಿ
ತಲೆ ಕೆಟ್ಟು ಹೋಗಿದೆ. ಇ. ಕೋಲೈ ಟ್ರಿಪ್ ಆಪರಾನ್‌ನ ಲೀಡರ್ ಪೂರ್ತಿ ತೆಗೆದು ಜಿಎಫ್‌ಪಿ ಮುಂದೆ ಕೂರಿಸಿದ್ದೇನೆ, 162 ಬೇಸ್. ಟ್ರಿಪ್ಟೊಫ್ಯಾನ್ ಇದ್ದರೆ ಹೊಳಪು ಕಡಿಮೆ, ಇಲ್ಲದಿದ್ದರೆ ಜಾಸ್ತಿ ಆಗಬೇಕು ಅಲ್ವಾ? ನನ್ನ ಎರಡೂ ಟ್ಯೂಬು ಒಂದೇ ಥರ ಝಗಮಗ. ಸೀಕ್ವೆನ್ಸ್ ಮಾಡಿಸಿದೆ, ಪೆಪ್ಟೈಡ್ ಭಾಗ ಸರಿಯಾಗಿಯೇ ಇದೆ:

```
ATG AAA GCA ATT TTC GTA CTG AAA GGT TGG TGG CGC ACT TCC TGA
```

ಎಂ9 ಮೀಡಿಯಾ, 37 ಡಿಗ್ರಿ. ಮುಂದಿನ ವಾರ ಗೈಡ್‌ಗೆ ತೋರಿಸಬೇಕು. ಏನು ತಪ್ಪಿದೆ?

ಮೀಡಿಯಾ_ಮಂಜ
ನೂರಕ್ಕೆ ನೂರು ನಿಮ್ಮ ಮೀಡಿಯಾದಲ್ಲಿ ಟ್ರಿಪ್ಟೊಫ್ಯಾನ್ ಸೇರಿಕೊಂಡಿದೆ. ಕ್ಯಾಸಮಿನೋ ಆಸಿಡ್ ಹಾಕಿದ್ದೀರಾ? ಅದನ್ನು ಬಿಸಾಕಿ.

ಹಳೇಬೆಂಚು
ಮಂಜ, ಕ್ಯಾಸಮಿನೋ ತಯಾರಿಸುವಾಗ ಕೇಸಿನ್ ಅನ್ನು ಆಸಿಡ್‌ನಲ್ಲಿ ಕುದಿಸುತ್ತಾರೆ. ಅದರಲ್ಲೇ ಟ್ರಿಪ್ಟೊಫ್ಯಾನ್ ಸುಟ್ಟು ಹೋಗಿರುತ್ತದೆ. ಟ್ರಿಪ್ ಪ್ರಯೋಗಗಳಲ್ಲಿ ಅದನ್ನು ಬಳಸುವುದೇ ಆ ಕಾರಣಕ್ಕೆ.

ಮೀಡಿಯಾ_ಮಂಜ
ಎಲ್ಲ ಡಬ್ಬವೂ ಆಸಿಡ್‌ದಲ್ಲ ಸರ್, ಎಂಜೈಮ್ ಹಾಕಿ ಮಾಡಿದ್ದೂ ಬರುತ್ತದೆ. ಅದರಲ್ಲಿ ಟ್ರಿಪ್ಟೊಫ್ಯಾನ್ ಉಳಿದಿರುತ್ತದೆ. ಲೇಬಲ್ ಓದಿ ಹೇಳಲಿ. ರಾತ್ರಿ ಕಲ್ಚರ್ ಎಲ್‌ಬಿಯದ್ದಾದರೆ ಅದೂ ಸೇರುತ್ತದೆ.

ಹಳೇಬೆಂಚು
ಹೌದು, ಲೇಬಲ್ ಮಾತು ಒಪ್ಪುತ್ತೇನೆ.

ಪೆಟ್ರಿಪುಟ್ಟಿ
ಅಯ್ಯೋ, ಕ್ಯಾಸಮಿನೋ ಹಾಕಿಯೇ ಇಲ್ಲ! ಗ್ಲೂಕೋಸ್ ಮತ್ತು ಉಪ್ಪುಗಳು ಮಾತ್ರ. ಕೋಶಗಳನ್ನು ಎಂ9ನಲ್ಲಿ ತೊಳೆದೇ ಹಾಕಿದ್ದು. ಐಪಿಟಿಜಿ ಹಾಕಿ ಎರಡು ಗಂಟೆ ಬಿಟ್ಟು ರೀಡಿಂಗ್ ತೆಗೆಯುತ್ತೇನೆ. ಮೀಡಿಯಾ ವಿಷಯ ಸಾಕು, ಪ್ಲೀಸ್.

ಬ್ಯಾಸಿಲಸ್_ಬಸ್ಯ
ನಮ್ಮ ಲ್ಯಾಬಿನಲ್ಲೂ ಟ್ರಿಪ್ ಲೀಡರ್ ಇದೆ, ಬೆಣ್ಣೆಯ ಹಾಗೆ ಕೆಲಸ ಮಾಡುತ್ತದೆ. ಟ್ರಾಪ್ ಪ್ರೋಟೀನ್ ಇದೆಯಾ ನೋಡಿ. ಅದು ಟ್ರಿಪ್ಟೊಫ್ಯಾನ್ ಹಿಡಿದುಕೊಂಡು ಆರ್‌ಎನ್‌ಎಗೆ ಸುತ್ತಿಕೊಳ್ಳದಿದ್ದರೆ ಏನೂ ನಡೆಯುವುದಿಲ್ಲ. ಅಂದ ಹಾಗೆ ನಾವು ಹೊಸ ಪ್ಲೇಟ್ ರೀಡರ್ ತಗೊಂಡಿದ್ದೇವೆ. 96 ಬಾವಿ, ಒಳಗೇ ಶೇಕ್ ಮಾಡುತ್ತದೆ, ರಾತ್ರಿ ಇಟ್ಟು ಮನೆಗೆ ಹೋದರೆ ಬೆಳಿಗ್ಗೆ ಗ್ರಾಫ್ ರೆಡಿ.

ಹಳೇಬೆಂಚು
ಬಸ್ಯ, ಅದು ಬ್ಯಾಸಿಲಸ್ ಸಬ್ಟಿಲಿಸ್ ಕಥೆ. ಅಲ್ಲಿ ರೈಬೋಸೋಮ್ ಓಟ ನೋಡಿ ತೀರ್ಮಾನ ಆಗುವುದಿಲ್ಲ. ಕೋಲೈಯಲ್ಲಿ ಟ್ರಾಪ್ ಇಲ್ಲವೇ ಇಲ್ಲ. ರೀಡರ್‌ಗೆ ಅಭಿನಂದನೆ.

ಪುಟ್ಟಿ, ಐಪಿಟಿಜಿ ಯಾಕೆ ಹಾಕುತ್ತಿದ್ದೀರಿ? ಪ್ರೊಮೋಟರ್ ಯಾವುದು, ತಳಿ ಯಾವುದು? ಅದನ್ನೇ ಬರೆದಿಲ್ಲವಲ್ಲ.

ಪೆಟ್ರಿಪುಟ್ಟಿ
ಪಿಇಟಿ ವೆಕ್ಟರ್, ಬಿಎಲ್21 ಡಿಇ3. ಎಲ್ಲರೂ ಅದನ್ನೇ ತಾನೇ ಬಳಸುವುದು? ಟ್ರಿಪ್ ಪ್ರೊಮೋಟರ್ ಇದ್ದರೆ ರೆಪ್ರೆಸರ್ ಅಡ್ಡ ಬರುತ್ತದೆ, ಲೀಡರ್ ಒಂದನ್ನೇ ನೋಡೋಣ ಅಂತ ತೆಗೆದೆ. ಲೀಡರ್‌ನ ಮೊದಲ ATG ಅನ್ನು ATA ಮಾಡಿದ ಕಂಟ್ರೋಲ್ ಕೂಡ ಇದೆ. ಅದೂ ಅಷ್ಟೇ ಹೊಳೆಯುತ್ತಿದೆ. ಅದಕ್ಕೇ ಜಿಎಫ್‌ಪಿಯಲ್ಲೇ ಏನೋ ಎಡವಟ್ಟು ಅಂತ ಅನುಮಾನ.

ಹಳೇಬೆಂಚು
ಆ ಕಂಟ್ರೋಲೇ ಉತ್ತರ ಹೇಳುತ್ತಿದೆ. ರೆಪ್ರೆಸರ್ ತೆಗೆದದ್ದು ಸರಿ, ಅದರ ಜಾಗದಲ್ಲಿ ಪಿಇಟಿಯ ಟಿ7 ಪ್ರೊಮೋಟರ್ ಕೂರಿಸಿದ್ದು ತೊಂದರೆ.

ATG ಕೆಟ್ಟರೆ ಲೀಡರ್ ಮೇಲೆ ರೈಬೋಸೋಮ್ ಹತ್ತುವುದಿಲ್ಲ. ಆಗ ಲೀಡರ್ ಆರ್‌ಎನ್‌ಎಯ ನಾಲ್ಕು ತುಂಡುಗಳಲ್ಲಿ 1 ಮತ್ತು 2ನೇದು ಜೋಡಿಯಾಗುತ್ತವೆ, ಒಂಟಿಯಾದ 3ನೇದು 4ನೇದನ್ನು ಹಿಡಿಯುತ್ತದೆ. ಅದರ ಹಿಂದೆಯೇ ಯು ಸಾಲು ಇದೆ, ಪಾಲಿಮರೇಸ್ ಅಲ್ಲೇ ಬಿಟ್ಟು ಇಳಿಯಬೇಕು. ಹಾಗಾಗಿ ಟ್ರಿಪ್ಟೊಫ್ಯಾನ್ ಇರಲಿ ಬಿಡಲಿ, ಆ ಟ್ಯೂಬು ಮಂಕಾಗಿಯೇ ಇರಬೇಕು. ಯಾನೋಫ್ಸ್ಕಿ ಲ್ಯಾಬಿನ ಟ್ರಿಪ್‌ಎಲ್29 ಮ್ಯುಟೆಂಟ್ ಇದೇ ಬದಲಾವಣೆ. ಅದು ಹಸಿವಿಗೂ ಏಳುವುದಿಲ್ಲ. ನಿಮ್ಮದು ಹೊಳೆಯುತ್ತಿದೆ ಅಂದರೆ, ನಿಮ್ಮ ಪಾಲಿಮರೇಸ್ ಆ ಟರ್ಮಿನೇಟರ್ ಅನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಕೋಲೈಯ ಸ್ವಂತ ಪಾಲಿಮರೇಸ್ ಸೆಕೆಂಡಿಗೆ 40–50 ಬೇಸ್ ಓಡುತ್ತದೆ. ರೈಬೋಸೋಮ್ 15ರಷ್ಟು ಅಮೈನೋ ಆಸಿಡ್, ಅಂದರೆ 45 ಬೇಸ್. ಇಬ್ಬರದ್ದೂ ಒಂದೇ ನಡಿಗೆ. ಅದೂ ಸಾಲದು ಅಂತ 1:2 ಹೇರ್‌ಪಿನ್ ಆದ ಕೂಡಲೇ ಪಾಲಿಮರೇಸ್ ನಿಂತು ಕಾಯುತ್ತದೆ. ಹಿಂದಿನಿಂದ ರೈಬೋಸೋಮ್ ಬಂದು ತಳ್ಳಿದ ಮೇಲೆ ಹೊರಡುತ್ತದೆ. ಹಾಗೆ ಜೊತೆಯಾಗಿ ಹೋಗುವಾಗ ಮಾತ್ರ ಟ್ರಿಪ್ಟೊಫ್ಯಾನ್‌ನ TGG TGG ಕೋಡಾನ್‌ಗಳ ಮೇಲೆ ರೈಬೋಸೋಮ್ ಸಿಕ್ಕಿಕೊಂಡಿದ್ದಕ್ಕೆ ಅರ್ಥ. ಅಲ್ಲಿ ಸಿಕ್ಕಿಕೊಂಡರೆ 1ನೇ ತುಂಡು ಮುಚ್ಚಿಹೋಗುತ್ತದೆ, 2ನೇದು 3ನೇದನ್ನು ಹಿಡಿದುಕೊಳ್ಳುತ್ತದೆ, 4ನೇದು ಒಂಟಿ, ಟ್ರಾನ್ಸ್‌ಕ್ರಿಪ್ಷನ್ ಮುಂದಕ್ಕೆ. ಸಿಕ್ಕಿಕೊಳ್ಳದೆ TGA ತನಕ ಓಡಿದರೆ 2ನೇದು ಮುಚ್ಚಿಹೋಗುತ್ತದೆ, ಅಲ್ಲಿಗೆ ಮುಗಿಯಿತು. ಟಿ7 ಪಾಲಿಮರೇಸ್ ನಾನ್‌ಸ್ಟಾಪ್ ಬಸ್ಸು. ಸೆಕೆಂಡಿಗೆ 200ಕ್ಕೂ ಜಾಸ್ತಿ ಬೇಸ್. ರೈಬೋಸೋಮ್ ಹತ್ತುವ ಹೊತ್ತಿಗೆ ಅದು ಜಿಎಫ್‌ಪಿ ಒಳಗೆ ಹೋಗಿರುತ್ತದೆ. ಕೋಲೈಯ ಟರ್ಮಿನೇಟರ್‌ಗಳಲ್ಲಿ ಹಲವಕ್ಕೆ ಅದು ಸರಿಯಾಗಿ ನಿಲ್ಲುವುದೂ ಇಲ್ಲ.

ಕೋಲೈಯ ಸ್ವಂತ ಪಾಲಿಮರೇಸ್ ಓದುವ ಲ್ಯಾಕ್‌ಯುವಿ5 ಪ್ರೊಮೋಟರ್‌ಗೆ ಬದಲಾಯಿಸಿ.

ಮೀಡಿಯಾ_ಮಂಜ
ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಿಎಲ್21 ಟ್ರಿಪ್ಟೊಫ್ಯಾನ್ ತಾನೇ ಮಾಡಿಕೊಳ್ಳುತ್ತದೆ. ಮೀಡಿಯಾದಿಂದ ತೆಗೆದ ಮಾತ್ರಕ್ಕೆ ಅದು ಹಸಿಯುವುದಿಲ್ಲ.

ಹಳೇಬೆಂಚು
ಈ ಮಾತಿಗೆ ಹತ್ತು ಮಾರ್ಕ್ಸ್. ಟಿಆರ್‌ಎನ್‌ಎ ಮೇಲೆ ಟ್ರಿಪ್ಟೊಫ್ಯಾನ್ ಕೂತಿದೆಯೇ ಅನ್ನುವುದು ಮುಖ್ಯ, ಡಬ್ಬದಲ್ಲಿ ಇದೆಯೇ ಅನ್ನುವುದಲ್ಲ. ಮಾಮೂಲು ಕೋಶದಲ್ಲಿ ಮೊದಲು ರೆಪ್ರೆಸರ್ ಸಡಿಲವಾಗುತ್ತದೆ. ಹಸಿವು ಜೋರಾದ ಮೇಲಷ್ಟೇ ಲೀಡರ್ ಬಿಟ್ಟುಕೊಡುತ್ತದೆ. ಟ್ರಿಪ್‌ಇ ಇಲ್ಲದ, ಟ್ರಿಪ್ಟೊಫ್ಯಾನ್ ತಾನೇ ಮಾಡಿಕೊಳ್ಳಲಾಗದ ಕೆ-12 ತಳಿ ತಗೊಳ್ಳಿ.

ಪೆಟ್ರಿಪುಟ್ಟಿ
ಬಹಳ ದಿನ ಆಯಿತು, ಅಪ್‌ಡೇಟ್. ಲ್ಯಾಕ್‌ಯುವಿ5, ಟ್ರಿಪ್‌ಇ ಇಲ್ಲದ ತಳಿ. ಖುಷಿ ಏನೆಂದರೆ ATA ಕಂಟ್ರೋಲ್ ಈಗ ಮಂಕು. ಟ್ರಿಪ್ಟೊಫ್ಯಾನ್ ಕೊಟ್ಟ ಟ್ಯೂಬೂ ಮಂಕು. ಆದರೆ ಹಸಿವಿಗೆ ಹಾಕಿದ್ದೂ ಮಂಕೇ! ಆಗ ಎಲ್ಲ ಉರಿಯುತ್ತಿತ್ತು, ಈಗ ಎಲ್ಲ ಆರಿದೆ.

ಹಳೇಬೆಂಚು
ಜಿಎಫ್‌ಪಿಯಲ್ಲೇ ಒಂದು ಟ್ರಿಪ್ಟೊಫ್ಯಾನ್ ಇದೆ, 57ನೇ ಜಾಗ. ಪೂರ್ತಿ ಹಸಿದ ಕೋಶ ಆರ್‌ಎನ್‌ಎ ಮಾಡಿದರೂ ಅದನ್ನು ಪ್ರೋಟೀನ್ ಮಾಡುವುದು ಹೇಗೆ? ಬೀಟಾ-ಗ್ಯಾಲಕ್ಟೋಸಿಡೇಸ್‌ಗೆ ಹೋದರೆ ಇನ್ನೂ ಕಷ್ಟ, ಅದರಲ್ಲಿ ಟ್ರಿಪ್ಟೊಫ್ಯಾನ್ ತುಂಬಿಕೊಂಡಿದೆ. ಆರ್‌ಎನ್‌ಎ ಅಳೆಯಿರಿ. ಒಂದು ಪ್ರೈಮರ್ ಜೋಡಿ ಟರ್ಮಿನೇಟರ್‌ಗೆ ಮುಂಚೆ, ಇನ್ನೊಂದು ಜಿಎಫ್‌ಪಿ ಒಳಗೆ. ಎರಡರ ಅನುಪಾತ ನೋಡಿ.

ಒಂದು ಎಚ್ಚರಿಕೆ. ಅರ್ಧಕ್ಕೆ ನಿಂತ ಆರ್‌ಎನ್‌ಎ 140 ಬೇಸ್ ಅಷ್ಟೇ. ಮಾಮೂಲು ಕಾಲಮ್ ಕಿಟ್‌ಗಳು 200ಕ್ಕಿಂತ ಸಣ್ಣದನ್ನು ಚೆನ್ನಾಗಿ ಹಿಡಿದುಕೊಳ್ಳುವುದಿಲ್ಲ, ತೊಳೆದು ಹಾಕುತ್ತವೆ. ಆಗ ನಿಂತದ್ದು ಕಾಣುವುದಿಲ್ಲ, ಮುಂದೆ ಹೋದದ್ದು ಮಾತ್ರ ಕಾಣುತ್ತದೆ. ಎಲ್ಲ ಟ್ಯೂಬಿನಲ್ಲೂ ಲೀಡರ್ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ. ಬಿಸಿ ಫೀನಾಲ್‌ನಲ್ಲಿ ತೆಗೆಯಿರಿ.

ಮೀಡಿಯಾ_ಮಂಜ
ಫೀನಾಲ್ ತಂಟೆ ಯಾಕೆ ಮೇಡಂ? ಇಂಡೋಲ್ ಅಕ್ರಿಲಿಕ್ ಆಸಿಡ್ ಹಾಕಿ, ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂ. ಟಿಆರ್‌ಎನ್‌ಎ ಮೇಲೆ ಟ್ರಿಪ್ಟೊಫ್ಯಾನ್ ಕೂರುವುದು ನಿಧಾನ ಆಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಸ್ವಲ್ಪ ಜಿಎಫ್‌ಪಿ ಆಗುತ್ತದೆ, ಅದೇ ಸಾಕು.

ಹಳೇಬೆಂಚು
ಸ್ವಲ್ಪ ಅಂದರೆ ಎಷ್ಟು? ಲೀಡರ್ ಮೇಲೆ ರೈಬೋಸೋಮ್ ನಿಧಾನವಾದಷ್ಟೇ ಜಿಎಫ್‌ಪಿ ಮೇಲೂ ನಿಧಾನ. ಬರುವ ನಂಬರ್‌ನಲ್ಲಿ ಎರಡೂ ಕಲಸಿಕೊಂಡಿರುತ್ತದೆ.

ಮೀಡಿಯಾ_ಮಂಜ
57ನೇ ಜಾಗದಲ್ಲಿ ಒಂದೇ ಒಂದು ಟ್ರಿಪ್ಟೊಫ್ಯಾನ್ ಸರ್! ಲೀಡರ್‌ನಲ್ಲಿ ಬೆನ್ನುಬೆನ್ನಿಗೆ ಎರಡು. ಒಂದೇ ಹೊಡೆತ ಬೀಳುವುದಿಲ್ಲ.

ಬ್ಯಾಸಿಲಸ್_ಬಸ್ಯ
ನಮ್ಮ ರೀಡರ್‌ನಲ್ಲಿ ಹಾಕಿ ನೋಡಬಹುದು, ಕಲ್ಚರ್ ಕಳಿಸಿ. ಜೊತೆಗೆ ಟ್ರಾಪ್ ಇರುವ ಪ್ಲಾಸ್ಮಿಡ್ ಬೇಕಾದರೂ ಕೊಡುತ್ತೇನೆ.

ಪೆಟ್ರಿಪುಟ್ಟಿ
ಟ್ರಾಪ್ ಬೇಡ ಬಸ್ಯ ಅವರೇ. ಇಂಡೋಲ್ ಅಕ್ರಿಲಿಕ್ ಆಸಿಡ್ ಪಕ್ಕದ ಲ್ಯಾಬಿನಲ್ಲಿ ಸಿಗುತ್ತದೆ, ಅದನ್ನು ನಾಳೆಯೇ ಹಾಕುತ್ತೇನೆ. ಫೀನಾಲ್‌ಗೆ ಹುಡ್ ಖಾಲಿ ಆಗಬೇಕು. ಹಳೇಬೆಂಚು ಸರ್, CGC ಮೇಲೆ ನಿಂತರೂ ಲೀಡರ್ ಬಿಟ್ಟುಕೊಡುತ್ತದೆ ಅಂತಾರೆ. ಹಾಗಾದರೆ ಟ್ರಿಪ್ಟೊಫ್ಯಾನ್ ಬದಲು ಆರ್ಜಿನೀನ್ ಹಸಿವು ಕೊಟ್ಟರೆ? ಜಿಎಫ್‌ಪಿಯಲ್ಲಿ ಆರ್ಜಿನೀನ್ ಎಷ್ಟಿದೆ ಅಂತ ಎಣಿಸಿಲ್ಲ ಇನ್ನೂ.

ಮೀಡಿಯಾ_ಮಂಜ
ಒಂದಕ್ಕಿಂತ ಜಾಸ್ತಿ ಅಂತೂ ಇದೆ. ಬಿಡಿ ಆ ಐಡಿಯಾ.