ಸಹಾಯ ಬೇಕು: ಫೋನ್ ಸಂದರ್ಶನ ತಪ್ಪಿದವರಿಗೆ ಕಳಿಸುವ ಮೆಸೇಜ್ ನೋಡಿಕೊಡಿ

ಪುಣೆಯ ಕನ್ನಡ ಬಳಗಕ್ಕೆ ನಮಸ್ಕಾರ. ಹಿಂಜೇವಾಡಿಯ ಕೆಲಸವೊಂದಕ್ಕೆ ಅರ್ಜಿ ಹಾಕಿದ, ಧಾರವಾಡ ಕಡೆಯ ಹುಡುಗನೊಬ್ಬ ಮಂಗಳವಾರ 11 ಗಂಟೆಯ ಫೋನ್ ಎತ್ತಲಿಲ್ಲ. ಅವನಿಗೆ ಇದನ್ನು ವಾಟ್ಸಾಪ್‌ನಲ್ಲಿ ಕಳಿಸಬೇಕೆಂದಿದ್ದೇನೆ:

"ನಮಸ್ಕಾರ. ಇವತ್ತು 11ಕ್ಕೆ ಫೋನ್ ಮಾಡಿದ್ದೆ, ಮಾತಾಡಲು ಆಗಲಿಲ್ಲ. ಗುರುವಾರ ಸಂಜೆ 7:30 ಅಥವಾ ಶುಕ್ರವಾರ ಬೆಳಿಗ್ಗೆ 9, ಯಾವುದು ಅನುಕೂಲ? 20 ನಿಮಿಷ ಸಾಕು. ಇದೇ ನಂಬರಿನಿಂದ ಫೋನ್ ಮಾಡುತ್ತೇನೆ. ಎರಡೂ ಆಗದಿದ್ದರೆ ನಿಮಗೆ ಆಗುವ ಸಮಯ ತಿಳಿಸಿ."

"ನೀವು ಫೋನ್ ಎತ್ತಲಿಲ್ಲ" ಎಂದು ಬರೆದರೆ ತಪ್ಪು ಅವನದೇ ಎಂದಾಗುತ್ತದೆ. "ಯಾಕೆ" ಎಂದು ಕೇಳಿದರೆ ನೆಪ ಹುಡುಕಬೇಕಾಗುತ್ತದೆ, ಉತ್ತರವೇ ಬಾರದೆ ಹೋಗಬಹುದು. ಅದಕ್ಕೇ ಎರಡನ್ನೂ ಬಿಟ್ಟಿದ್ದೇನೆ. ಹೊಸ ನಂಬರನ್ನು ಫೋನೇ ಸ್ಪ್ಯಾಮ್ ಎಂದು ತೋರಿಸುವುದೂ ಉಂಟು, ಹಾಗಾಗಿ ನಂಬರಿನ ಮಾತು ಇರಲೇಬೇಕು. ಎರಡೂ ಸಮಯ ಆಫೀಸಿನ ಹೊತ್ತಿನ ಹೊರಗೆ ಇಟ್ಟಿದ್ದು, ಈಗಿನ ಕೆಲಸದ ಜಾಗದಲ್ಲಿ ಅವನು ಮಾತಾಡಲಾರ ಎಂದು.

ಒಂದೇ ಅನುಮಾನ: ಸಮಯ ಕಾದಿರಿಸಲು ಬುಧವಾರ ಸಂಜೆಯೊಳಗೆ ಉತ್ತರ ಬೇಕು. "ಬುಧವಾರ 6ರೊಳಗೆ ತಿಳಿಸಿದರೆ ಆ ಸಮಯ ನಿಮಗಾಗಿ ಇಟ್ಟಿರುತ್ತೇನೆ" ಎಂದು ಸೇರಿಸಿದರೆ ಗದರಿಸಿದಂತೆ ಕೇಳುತ್ತದೆಯೇ? ನೇಮಕಾತಿಯಲ್ಲಿ ಇರುವವರು ದಯವಿಟ್ಟು ಹೇಳಿ.