ಸ್ಕ್ರೀನ್‌ಶಾಟ್‌ಗಳಲ್ಲಷ್ಟೇ ಉಳಿದ ಸಂದರ್ಶನ: ಸಾಲು ಜೋಡಿಸುವುದು, ಹೆಸರು ಹಾಕುವುದು

ಕಡಲತಡಿ ಕೇಳಿದ್ದು: ತುಳು ಮಾತಾಡುವ ಅಜ್ಜಿಯೊಬ್ಬರ ಸಂದರ್ಶನ, ಚಿತ್ರದ ಮೇಲೇ ಕನ್ನಡ ಸಬ್‌ಟೈಟಲ್. ಹಾಕಿದವರು ವಿಡಿಯೊ ಅಳಿಸಿಬಿಟ್ಟಿದ್ದಾರೆ. ಸುಮಾರು ಹತ್ತು ನಿಮಿಷದ ಭಾಗದ 63 ಸ್ಕ್ರೀನ್‌ಶಾಟ್ ಉಳಿದಿವೆ. ಅರ್ಧ ನನ್ನ ಫೋನಿನವು, ಅರ್ಧ ಅಕ್ಕ ವಾಟ್ಸಾಪಲ್ಲಿ ಕಳಿಸಿದ್ದು. ಮಾತಾಡುವವರು ಮೂವರು: ಅಜ್ಜಿ, ಅವರ ಮಗ, ಪ್ರಶ್ನೆ ಕೇಳುವ ಹುಡುಗಿ. ಯಾರು ಏನು ಹೇಳಿದರು ಅಂತ ಕ್ರಮವಾಗಿ ಬರೆದಿಡಬೇಕು. ಹೇಗೆ ಮಾಡಲಿ?

ಸಂಜೆಬಸ್ಸು: ಇಷ್ಟು ಕಷ್ಟ ಯಾಕೆ? ಯೂಟ್ಯೂಬಿನಲ್ಲಿ ವಿಡಿಯೊ ಕೆಳಗೆ ವಿವರ ಬಿಚ್ಚಿದರೆ ಟ್ರಾನ್ಸ್‌ಕ್ರಿಪ್ಟ್ ತೋರಿಸುವ ಗುಂಡಿ ಇದೆ. ಸಮಯದ ಸಮೇತ ಪೂರ್ತಿ ಪಠ್ಯ ಕಾಪಿ ಮಾಡಿಕೊಳ್ಳಬಹುದು.

ಅಕ್ಷರಹುಳ: ವಿಡಿಯೊನೇ ಇಲ್ಲ ಅಂದಿದ್ದಾರಲ್ಲ ಸ್ವಾಮಿ. ಇದ್ದಿದ್ದರೂ ಆ ಗುಂಡಿ ಕೊಡುವುದು ಬೇರೆ ಕಡತವಾಗಿ ಸೇರಿಸಿದ ಸಬ್‌ಟೈಟಲನ್ನು. ಚಿತ್ರದ ಮೇಲೇ ಅಚ್ಚಾಗಿರುವ ಅಕ್ಷರ ಅದಕ್ಕೆ ಕಾಣುವುದಿಲ್ಲ, ಅದು ಅಜ್ಜಿಯ ಸೀರೆಯ ಹಾಗೆ ಚಿತ್ರದ್ದೇ ಭಾಗ.

ಕಡಲತಡಿಯವರೇ, ಕಂಪ್ಯೂಟರಿನಿಂದ ಅಕ್ಷರ ಓದಿಸುವ ಕೆಲಸ ಆಮೇಲಿರಲಿ, ಮೊದಲು ಕ್ರಮ. ನಿಮ್ಮ ಫೋನಿನ ಚಿತ್ರಗಳ ಹೆಸರು `Screenshot_20240312-184512.png` ಎಂಬಂತೆ ಇರುತ್ತದೆ. ಕೊನೆಯ ಆರು ಅಂಕಿ ಚಿತ್ರ ತೆಗೆದ ಗಳಿಗೆ, ಇಲ್ಲಿ ಸಂಜೆ 6:45:12. ಅದು ಗಡಿಯಾರದ ಸಮಯ, ವಿಡಿಯೊದ ಸಮಯ ಅಲ್ಲ. ನೀವು ಹಿಂದೆ ಸರಿಸಿ ಮತ್ತೆ ನೋಡಿದ್ದರೆ ಎರಡಕ್ಕೂ ತಾಳೆ ಆಗುವುದಿಲ್ಲ.

ಅದಕ್ಕೇ ಮೊದಲು ಗೂಟಗಳನ್ನು ಹುಡುಕಿ. ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಕೆಳಗಡೆ `12:04 / 40:31` ಥರ ಸಮಯ ಕಾಣುತ್ತದೆ. ಅವನ್ನು ಮಾತ್ರ ಮೊದಲು ಸಾಲಾಗಿ ಇಡಿ, ಇವು ಅಲುಗಾಡುವುದಿಲ್ಲ. ಆಮೇಲೆ ಸಮಯ ಕಾಣದ ಚಿತ್ರಗಳನ್ನು ಎರಡು ಗೂಟಗಳ ನಡುವೆ ಇಡುವುದು. 18:45:12ಕ್ಕೆ ತೆಗೆದದ್ದರಲ್ಲಿ 12:04 ಕಂಡಿದೆ, 18:45:24ಕ್ಕೆ ತೆಗೆದದ್ದರಲ್ಲಿ ಏನೂ ಇಲ್ಲ ಅಂದುಕೊಳ್ಳಿ. ನಡುವೆ 12 ಸೆಕೆಂಡು, ಆದ್ದರಿಂದ ಎರಡನೆಯದು ಹೆಚ್ಚೆಂದರೆ 12:16. ನಡುವೆ ನಿಲ್ಲಿಸಿದ್ದರೆ ಅದಕ್ಕಿಂತ ಮುಂಚಿನದೇ ಹೊರತು ಆಮೇಲಿನದಲ್ಲ. ಮುಂದಕ್ಕೆ ಹಾರಿಸಿದ್ದರೆ ಅಥವಾ ವೇಗ ಹೆಚ್ಚಿಸಿ ನೋಡಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಹಳೇಟೇಪು: ವಾಟ್ಸಾಪಿನವು ಇನ್ನೂ ಸುಲಭ. `IMG-20240312-WA0007.jpg` ಅಂತ ಹೆಸರಿರುತ್ತದೆ, WA ನಂತರದ ಸಂಖ್ಯೆಯ ಪ್ರಕಾರ ಜೋಡಿಸಿದರೆ ಮುಗಿಯಿತು.

ಅಕ್ಷರಹುಳ: ಅರ್ಧ ಸರಿ. ಆ ಸಂಖ್ಯೆ ಆ ದಿನ ವಾಟ್ಸಾಪಿಗೆ ಬಂದ ಚಿತ್ರಗಳ ಎಣಿಕೆ. ಅಕ್ಕ ಗ್ಯಾಲರಿಯಲ್ಲಿ ಯಾವ ಕ್ರಮದಲ್ಲಿ ಆರಿಸಿದರೋ ಆ ಕ್ರಮಕ್ಕೆ ಅದು ಹತ್ತಿರ, ವಿಡಿಯೊದ ಕ್ರಮಕ್ಕಲ್ಲ. ಹೊಸದು ಮೇಲಿರುವ ಗ್ಯಾಲರಿಯಲ್ಲಿ ಮೇಲಿಂದ ಆರಿಸಿದ್ದರೆ ಪೂರ್ತಿ ತಲೆಕೆಳಗು. ಅಕ್ಕನ ಫೋನಿನಲ್ಲಿ ಮೂಲ ಇದ್ದರೆ ಫೋಟೊ ಅಂತಲ್ಲ, ಡಾಕ್ಯುಮೆಂಟ್ ಅಂತ ಮತ್ತೆ ಕಳಿಸಲು ಹೇಳಿ. ಹೆಸರೂ ಉಳಿಯುತ್ತದೆ, ಅಕ್ಷರವೂ ಕಲಸುವುದಿಲ್ಲ. ಫೋಟೊ ಅಂತ ಕಳಿಸಿದಾಗ ವಾಟ್ಸಾಪ್ ಹಿಂಡುತ್ತದೆ, ಮೊದಲು ಹಾಳಾಗುವುದು ಒತ್ತಕ್ಷರ, ಗುಡಿಸು ಥರದ ಸಣ್ಣ ಗುರುತುಗಳು. ‘ಅಕ್ಕಿ’ ಮತ್ತು ‘ಅಕ್ಕ’ ನಡುವೆ ಉಳಿಯುವ ವ್ಯತ್ಯಾಸ ನಾಲ್ಕಾರು ಚುಕ್ಕೆ, ಆಮೇಲೆ ಎಷ್ಟು ಹಿಗ್ಗಿಸಿದರೂ ಅದು ಮರಳಿ ಬರುವುದಿಲ್ಲ.

ಮೂಲ ಇಲ್ಲದಿದ್ದರೆ ಎರಡೂ ಗುಂಪಿನಲ್ಲಿ ಒಂದೇ ಸಬ್‌ಟೈಟಲ್ ಇರುವ ಚಿತ್ರಗಳನ್ನು ಹುಡುಕಿ. ಅವೇ ಎರಡು ಸರಗಳನ್ನು ಸೇರಿಸುವ ಗಂಟು.

ಮೂರುಸಾಲು: ಅಕ್ಷರ ಓದಿಸುವ ಬಗ್ಗೆ. 63 ಚಿತ್ರಕ್ಕೆ ಕೈಯಲ್ಲೇ ಟೈಪ್ ಮಾಡಿದರೂ ಒಂದು ಸಂಜೆಯ ಕೆಲಸ, ನಿಜ ಹೇಳಬೇಕೆಂದರೆ ಅದೇ ವಾಸಿ. ಓದಿಸಲೇಬೇಕೆಂದರೆ ಪೂರ್ತಿ ಚಿತ್ರ ಕೊಡಬೇಡಿ, ಚಾನೆಲ್ಲಿನ ಮುದ್ರೆ, ಬ್ಯಾಟರಿ ಗುರುತು ಎಲ್ಲ ಸೇರಿ ಕಲಸುಮೇಲೋಗರ ಆಗುತ್ತದೆ. ಕೆಳಗಿನ ಕಾಲು ಭಾಗ ಕತ್ತರಿಸಿ, ಮೂರು ಪಟ್ಟು ಹಿಗ್ಗಿಸಿ, ಬಿಳಿ ಅಕ್ಷರವನ್ನು ಕಪ್ಪಾಗಿಸಿ ಕೊಡಿ:

```
magick in.png -gravity south -crop 100%x25%+0+0 +repage -resize 300% -colorspace Gray -threshold 80% -negate strip.png
tesseract strip.png out -l kan --psm 6
```

ಇದು ಫೋನ್ ಅಡ್ಡ ಹಿಡಿದು ತೆಗೆದ ಚಿತ್ರಕ್ಕೆ ಮಾತ್ರ. ಉದ್ದಕ್ಕೆ ಹಿಡಿದಿದ್ದರೆ ವಿಡಿಯೊ ಮೇಲಿರುತ್ತದೆ, ಕೆಳಗಿನ ಕಾಲು ಭಾಗದಲ್ಲಿ ಸಿಗುವುದು ಯಾರದೋ ಕಾಮೆಂಟು. ಹಿಂದೆ ಬಿಳಿ ಗೋಡೆಯೋ ಆಕಾಶವೋ ಇದ್ದರೆ ಅಕ್ಷರವೂ ಗೋಡೆಯೂ ಒಟ್ಟಿಗೇ ಕಪ್ಪಾಗುತ್ತವೆ. ಅಂಥವನ್ನು ಕೈಯಲ್ಲಿ ಬರೆದುಕೊಳ್ಳಿ, ಹೆಣಗಬೇಡಿ. ಕಮಾಂಡ್ ಗೊತ್ತಿಲ್ಲದವರು ಕತ್ತರಿಸಿದ ಚಿತ್ರವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಿನಲ್ಲಿ ತೆರೆದರೂ ಕನ್ನಡ ಪಠ್ಯ ಬರುತ್ತದೆ.

ಬಂದ ಪಠ್ಯದಲ್ಲಿ ಎರಡು ತಪ್ಪು ಕಣ್ಣಿಗೆ ಕಾಣದವು. ಅನುಸ್ವಾರದ ಜಾಗದಲ್ಲಿ ಸೊನ್ನೆ (ಅ೦ದರೆ), ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು (ವಷ೯). ನೋಡಲು ಒಂದೇ ಥರ, ಆದರೆ ಆಮೇಲೆ ‘ವರ್ಷ’ ಅಂತ ಹುಡುಕಿದರೆ ಸಿಗುವುದಿಲ್ಲ. ಕಡತದಲ್ಲಿ ೦ ಮತ್ತು ೯ ಹುಡುಕಿ ಒಂದೊಂದಾಗಿ ನೋಡಿ. ಒಟ್ಟಿಗೇ ಬದಲಿಸಿದರೆ ನಿಜವಾದ ಇಸವಿಗಳು ಹಾಳಾಗುತ್ತವೆ.

ನೆಲ್ಲಿಮರ: ಇದೇ ಥರದ್ದು ನನ್ನದೂ ಒಂದಿದೆ, ಆದರೆ ನನ್ನ ಹತ್ತಿರ ವಿಡಿಯೊ ಕಡತವೇ ಇದೆ. ಕುಳಿತು ಸ್ಕ್ರೀನ್‌ಶಾಟ್ ತೆಗೆಯಬೇಕಾ?

ಮೂರುಸಾಲು: ಬೇಡವೇ ಬೇಡ. ಸೆಕೆಂಡಿಗೊಂದು ಚಿತ್ರ ತಾನಾಗಿ ಬರುತ್ತದೆ:

```
ffmpeg -i video.mp4 -vf fps=1 f_%04d.png
```

`f_0724.png` ಅಂದರೆ ಸುಮಾರು 724ನೇ ಸೆಕೆಂಡು, 12:04ರ ಆಸುಪಾಸು. ಕ್ರಮದ ತಲೆನೋವೇ ಇಲ್ಲ, ಒಂದೇ ಸಾಲು ನಾಲ್ಕೈದು ಸಲ ಬರುತ್ತದೆ, ಅಳಿಸಿದರಾಯಿತು.

ಬಳಪ: ಯಾರ ಮಾತು ಎನ್ನುವುದೇ ಇಲ್ಲಿ ನಿಜವಾದ ಪೇಚು, ಅದನ್ನು ಯಾರೂ ಮುಟ್ಟಿಲ್ಲ. ಒಂದು ತುಣುಕು ಹೀಗಿದೆ ಅಂದುಕೊಳ್ಳಿ:

12:04 – ಕಜೆ ಭತ್ತ ಕುಟ್ಟುವುದು ಬೆಳಿಗ್ಗೆಯೇ, (ಅಜ್ಜಿಯ ಮುಖ)
12:06 – ಕಜೆ ಭತ್ತ ಕುಟ್ಟುವುದು ಬೆಳಿಗ್ಗೆಯೇ, (ಒರಳಿನ ಚಿತ್ರ)
12:09 – ಬಿಸಿಲೇರಿದರೆ ನಿನಗೆ ನುಚ್ಚೇ ಗತಿ. (ಹುಡುಗಿಯ ಮುಖ)
12:12 – “- ಎಷ್ಟು ಸೇರು?” ಕೆಳಗೆ “- ದಿನಕ್ಕೆ ಆರು.” (ಅಜ್ಜಿಯ ಮುಖ)
12:25 – ಆಮೇಲೆ ಅದೂ ನಿಂತಿತು. (ಮಗನ ಮುಖ)

ಮೊದಲೆರಡು ಒಂದೇ ಸಬ್‌ಟೈಟಲ್, ಒಂದು ಸಾಲು ಸಾಕು. 12:09ರಲ್ಲಿ ಕಾಣುವುದು ಹುಡುಗಿ, ಆದರೆ ಮಾತು ಅವಳದಲ್ಲ. ಹಿಂದಿನ ಸಾಲು ಅಲ್ಪವಿರಾಮದಲ್ಲಿ ನಿಂತಿದೆ, ಅಂದರೆ ವಾಕ್ಯ ಮುಂದುವರಿದಿದೆ. ಮೇಲಾಗಿ ‘ನಿನಗೆ’ ಅಂತ ಕರೆಯುವವರು ಅಜ್ಜಿ, ಹುಡುಗಿ ಅಜ್ಜಿಗೆ ಹಾಗೆನ್ನುವುದಿಲ್ಲ. ಕೇಳುವವರ ಮುಖ ತೋರಿಸುವುದು ಸಂದರ್ಶನಗಳಲ್ಲಿ ಮಾಮೂಲು. ಮುಖ ನೋಡಿ ಹೆಸರು ಹಾಕಿದರೆ ಇಲ್ಲೇ ಎಡವುತ್ತೀರಿ.

12:12ರಲ್ಲಿ ಎರಡು ಗೆರೆ, ಇಬ್ಬರು. ಮೇಲಿನ ಸಾಲು ಮೊದಲು ಮಾತಾಡಿದವರದು, ಚಿತ್ರದಲ್ಲಿ ಎಡಕ್ಕೆ ಕೂತವರದಲ್ಲ. ಇದನ್ನು ಎರಡು ಸಾಲಾಗಿ ಒಡೆಯಿರಿ.

ಮಾತಿನ ರೂಪದಿಂದ ಗಂಡೋ ಹೆಣ್ಣೋ ತಿಳಿಯಲು ಹೋಗಬೇಡಿ. ಹಿಂದಿಯಲ್ಲಾದರೆ ಎಷ್ಟೋ ಸಲ ಕ್ರಿಯಾಪದವೇ ಹೇಳುತ್ತದೆ, ಕನ್ನಡದ ‘ನಾನು ಹೋದೆ’ ಯಾರ ಬಾಯಲ್ಲೂ ಒಂದೇ. ಉಪಯೋಗಕ್ಕೆ ಬರುವುದು ಕರೆಯುವ ಪದ: ‘ಅಮ್ಮ’ ಅಂದರೆ ಮಗ, ‘ಅಜ್ಜಿ’ ಅಂದರೆ ಹುಡುಗಿ.

ಹಳೇಟೇಪು: ‘ನೀವು’ ಬಂದರೆ ಹುಡುಗಿ ಅಂತ ಕಣ್ಣು ಮುಚ್ಚಿ ಬರೆಯಬಹುದಲ್ಲ?

ಬಳಪ: ಇಲ್ಲ. ತುಳುವಿನಲ್ಲೂ ‘ಈ’ ಮತ್ತು ‘ಈರ್’ ಅಂತ ಎರಡಿವೆ, ಆದರೆ ಅನುವಾದಿಸಿದವರು ಮಗನ ಮಾತನ್ನೂ ಮರ್ಯಾದೆಗೆ ‘ನೀವು’ ಮಾಡಿರಬಹುದು. ‘ನೀನು’ ಇದ್ದರೆ ಅಜ್ಜಿಯ ಕಡೆಗೆ ಹೆಚ್ಚು ವಾಲಬಹುದು, ‘ನೀವು’ ಒಂದೇ ಸಾಲದು.

ಇನ್ನು 12:12ಕ್ಕೂ 12:25ಕ್ಕೂ 13 ಸೆಕೆಂಡು ಅಂತರ. ಒಂದು ಸಬ್‌ಟೈಟಲ್ ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಿಸುವ ರೂಢಿ ಇಲ್ಲ. ಆದ್ದರಿಂದ ನಡುವೆ ಒಂದಾದರೂ ಸಾಲು ತಪ್ಪಿರಬಹುದು, ಅಥವಾ ಯಾರೂ ಮಾತಾಡಿಲ್ಲದಿರಬಹುದು. ಅಲ್ಲಿ [ಇಲ್ಲಿ ಸಾಲು ತಪ್ಪಿರಬಹುದು, 12:12–12:25] ಅಂತ ಬರೆಯಿರಿ. ‘ಅದೂ ನಿಂತಿತು’ ಎನ್ನುವ ‘ಅದು’ ಯಾವುದೆಂದು ಗೊತ್ತಿಲ್ಲ, ಹೇಳಿದ್ದು ಮಗನೋ ಅಜ್ಜಿಯೋ ಅದೂ ಗೊತ್ತಿಲ್ಲ. ಆದ್ದರಿಂದ ‘ಮಗ?’ ಅಂತ ಪ್ರಶ್ನೆ ಚಿಹ್ನೆ ಸಮೇತ. ಒಟ್ಟು ಹೀಗೆ ಬರುತ್ತದೆ:

12:04 ಅಜ್ಜಿ: ಕಜೆ ಭತ್ತ ಕುಟ್ಟುವುದು ಬೆಳಿಗ್ಗೆಯೇ, ಬಿಸಿಲೇರಿದರೆ ನಿನಗೆ ನುಚ್ಚೇ ಗತಿ.
12:12 ಹುಡುಗಿ: ಎಷ್ಟು ಸೇರು?
12:12 ಅಜ್ಜಿ: ದಿನಕ್ಕೆ ಆರು.
[ಇಲ್ಲಿ ಸಾಲು ತಪ್ಪಿರಬಹುದು, 12:12–12:25]
12:25 ಮಗ?: ಆಮೇಲೆ ಅದೂ ನಿಂತಿತು.

ಇದರ ಹಿಂದೆ ಒಂದು ಎಕ್ಸೆಲ್ ಹಾಳೆ ಇರಲಿ, ಪ್ರತಿ ಸಾಲಿಗೂ ಅದು ಬಂದ ಚಿತ್ರದ ಹೆಸರು ಬರೆದು. ನಾಳೆ ಯಾರಾದರೂ ‘ಇದು ಮಗನ ಮಾತಲ್ಲ’ ಅಂದರೆ ನೇರ ಆ ಚಿತ್ರಕ್ಕೆ ಹೋಗಬಹುದು.

ಸಂಜೆಬಸ್ಸು: ಸಬ್‌ಟೈಟಲಿನಲ್ಲೇ ಕಾಗುಣಿತ ತಪ್ಪಿದ್ದರೆ ತಿದ್ದಬೇಕಲ್ಲ?

ಬಳಪ: ತಿದ್ದಬಾರದು. ನೀವು ಬರೆಯುತ್ತಿರುವುದು ಅಜ್ಜಿಯ ಮಾತನ್ನಲ್ಲ, ಅಜ್ಜಿಯ ತುಳುವಿಗೆ ಯಾರೋ ಮಾಡಿದ ಚುಟುಕು ಕನ್ನಡವನ್ನು. ಇದ್ದದ್ದು ಇದ್ದ ಹಾಗೆ. ಮೇಲೆ ‘ಸಬ್‌ಟೈಟಲ್ ಪಠ್ಯ’ ಅಂತಲೂ ಬರೆಯಿರಿ.

ಮೂರುಸಾಲು: ನಾನು ಒಪ್ಪುವುದಿಲ್ಲ. ‘ಬತ್ತ’ ಅಂತಿದ್ದರೆ ಬಿಡಿ, ಅದೊಂದು ರೂಪ. ಸ್ಪಷ್ಟ ಕೈತಪ್ಪನ್ನು ಹಾಗೇ ಬಿಟ್ಟರೆ ಓದುವವರು ನಿಮ್ಮ ತಪ್ಪು ಅಂದುಕೊಳ್ಳುತ್ತಾರೆ. ಹಾಳೆಯಲ್ಲಿ ಮೂಲ ಇರಲಿ, ಓದುವ ಪ್ರತಿಯಲ್ಲಿ ತಿದ್ದಿ.

ಬಳಪ: ಎರಡು ಪ್ರತಿ ಇಟ್ಟರೆ ಊರಿಗೆ ಹರಡುವುದು ತಿದ್ದಿದ್ದೇ. ಆಮೇಲೆ ಮೂಲ ಕೇಳುವವರಿಲ್ಲ.

ಕಡಲತಡಿ: ಅಕ್ಕನ ಹತ್ತಿರ ಮೂಲ ಇತ್ತು, ಡಾಕ್ಯುಮೆಂಟ್ ಆಗಿ ಬಂತು. ಒಂದೇ ಸಾಲಿನವು ತೆಗೆದರೆ 63 ಹೋಗಿ 51 ಉಳಿದವು. ಒಂದು ಚಿತ್ರ ಮಾತ್ರ ಎಲ್ಲೂ ಕೂರುತ್ತಿಲ್ಲ. ಮರುದಿನ ತೆಗೆದದ್ದು, ಸಮಯ ಇಲ್ಲ, ‘ಹೌದು, ಹೌದು’ ಅಂತಷ್ಟೇ ಇದೆ.

ಅಕ್ಷರಹುಳ: ಹಿಂದಿನ ಮುಂದಿನ ಚಿತ್ರಗಳಲ್ಲಿ ಕಿಟಕಿಯ ಬೆಳಕು, ಮೇಜಿನ ಮೇಲಿನ ಲೋಟ ನೋಡಿ. ಲೋಟ ತುಂಬಿದೆಯೋ ಖಾಲಿಯೋ ಎನ್ನುವುದರಿಂದ ಕೆಲವೊಮ್ಮೆ ಅಂದಾಜು ಸಿಗುತ್ತದೆ, ಆದರೆ ಸಂಕಲನದಲ್ಲಿ ಹಿಂದುಮುಂದು ಮಾಡಿದ್ದರೆ ಅದೂ ಕೈಕೊಡುತ್ತದೆ. ಕೂರದಿದ್ದರೆ ಕೊನೆಯಲ್ಲಿ ‘ಜಾಗ ಗೊತ್ತಿಲ್ಲದ್ದು’ ಅಂತ ಬೇರೆ ಇಡಿ, ನಡುವೆ ತುರುಕಬೇಡಿ. ಯಾವ ಪ್ರಶ್ನೆಗೆ ‘ಹೌದು’ ಅಂದರು ಎನ್ನುವುದು ಬದಲಾದರೆ ಅಜ್ಜಿ ಹೇಳದ್ದನ್ನು ಹೇಳಿಸಿದ ಹಾಗಾಗುತ್ತದೆ.

ಕಡಲತಡಿ: ಲೋಟ ಎಲ್ಲದರಲ್ಲೂ ಅರ್ಧ ತುಂಬಿದೆ ಮಾರಾಯ್ರೆ. ಕೊನೆಗೇ ಇಡುತ್ತೇನೆ.