ಸಹಾಯ ಬೇಕು: ಕಾಂಟ್ರಾಕ್ಟ್‌ನ ಒಂದು ಪುಟದ ಸಾರಾಂಶ ಸರಿ ಇದೆಯಾ?

ನಮಸ್ಕಾರ. ನಾವು ಸಣ್ಣ ಗುತ್ತಿಗೆದಾರರು, ಒಂದು ಶಾಲಾ ಕಟ್ಟಡದ ಕೆಲಸ ನಡೀತಿದೆ. ಸೈಟ್ ಇಂಜಿನಿಯರ್ ಹುಡುಗನಿಗೆ ಅಗ್ರಿಮೆಂಟ್ ಓದಿದರೆ ಅರ್ಥ ಆಗಲ್ಲ, ಅದಕ್ಕೆ ಸರಳವಾಗಿ ಬರೆದುಕೊಡುತ್ತಿದ್ದೇನೆ.

ಮೈಲಿಗಲ್ಲುಗಳು ಸುಲಭ. ಪ್ಲಿಂತ್, ಸ್ಲ್ಯಾಬ್, ಫಿನಿಶಿಂಗ್, ಪ್ರತಿಯೊಂದಕ್ಕೂ ತಾರೀಕು ಇದೆ, ತಪ್ಪಿದರೆ ದಂಡ. ರಿಟೆನ್ಷನ್ ಪ್ರತಿ ಬಿಲ್‌ನಲ್ಲೂ 5%, ಅಂದ್ರೆ 20 ಲಕ್ಷದ ಬಿಲ್‌ಗೆ 1 ಲಕ್ಷ ಹಿಡಿಯುತ್ತಾರೆ. ಹಿಡಿದ ಹಣದಲ್ಲಿ ಅರ್ಧ, ಕೆಲಸ ಮುಗಿದ ಸರ್ಟಿಫಿಕೇಟ್ ಬಂದಾಗ ವಾಪಸ್, ಉಳಿದರ್ಧ 12 ತಿಂಗಳ ದೋಷ ಹೊಣೆ ಅವಧಿ ಮುಗಿದು ರಿಪೇರಿಗಳೆಲ್ಲ ಆದ ಮೇಲೆ.

ತೊಂದರೆ ಇರೋದು ವೇರಿಯೇಷನ್‌ನಲ್ಲಿ, ಅಂದ್ರೆ ಕರಾರಿನ ಕೆಲಸದಲ್ಲಿ ಆಗೋ ಬದಲಾವಣೆಯಲ್ಲಿ. ಪಾಯದಲ್ಲಿ ಮೆತ್ತನೆ ಮಣ್ಣು ಸಿಕ್ಕಿತು, ಕನ್ಸಲ್ಟೆಂಟ್ ಇಂಜಿನಿಯರ್ ಸೈಟ್‌ಗೆ ಬಂದು ಇನ್ನೂ ಆಳ ತೆಗೀರಿ ಅಂತ ಬಾಯಲ್ಲೇ ಹೇಳಿದರು. ಬಿಒಕ್ಯುನಲ್ಲಿ, ಅಂದ್ರೆ ಕೆಲಸದ ಪ್ರಮಾಣ ಪಟ್ಟಿಯಲ್ಲಿ, ಅಗೆತ 240 ಘನ ಮೀಟರ್ ಇತ್ತು, ಆಗಿದ್ದು 320. ನಮ್ಮ ಕರಾರಿನ ಪ್ರಕಾರ 25% ಹೆಚ್ಚಳದವರೆಗೆ, ಅಂದ್ರೆ 300ರವರೆಗೆ ಹಳೇ ದರ, ಮೇಲಿನ 20ಕ್ಕೆ ಮಾತ್ರ ಹೊಸ ದರ ಕೇಳಬಹುದು. ಆದರೆ ಲಿಖಿತ ಆದೇಶ ಇಲ್ಲದ ಹೆಚ್ಚುವರಿ ಕೆಲಸಕ್ಕೆ ಹಣ ಇಲ್ಲ ಅಂತಲೂ ಇದೆ. ಬಾಯಿಮಾತು ಆದರೆ 7 ದಿನದಲ್ಲಿ ನಾವೇ ಪತ್ರ ಬರೆದು ಖಚಿತ ಮಾಡಿಕೊಳ್ಳಬೇಕಂತೆ. ಇವತ್ತು 5ನೇ ದಿನ!

ಆದರೆ ಆ ಕನ್ಸಲ್ಟೆಂಟ್ ಇಂಜಿನಿಯರ್ ಸೈಟ್ ಆರ್ಡರ್ ಬುಕ್‌ನಲ್ಲಿ "ಗಟ್ಟಿ ನೆಲ ಸಿಗುವವರೆಗೆ" ಅಂತ ಬರೆದು ಸಹಿ ಹಾಕಿದ್ದಾರೆ. ಇದನ್ನೇ ಲಿಖಿತ ಆದೇಶ ಅನ್ನಬಹುದಾ? ನಾಳೆ ಪತ್ರವಂತೂ ಕೊಡುತ್ತೇನೆ, ಜೊತೆಗೆ ಜಂಟಿ ಅಳತೆ, ಫೋಟೋ ಬಿಟ್ಟು ಇನ್ನೇನು ಲಗತ್ತಿಸಬೇಕು? ಬಿಲ್ಲಿಂಗ್ ನೋಡಿಕೊಂಡಿರುವವರು ದಯವಿಟ್ಟು ಹೇಳಿ.